ಎಸ್‌ಒಪಿ: ಪ್ಯಾರಾಗಳನ್ನು ಕತ್ತರಿಸಿ ಮರುಜೋಡಿಸುವುದು ಹೇಗೆ?

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್. ಅರ್ಜಿಯ ಗಡುವು ಡಿಸೆಂಬರ್‌ನಲ್ಲಿ ಬರುತ್ತದೆ. ಹಾಗಾಗಿ ದೀಪಾವಳಿ ಕಳೆಯುತ್ತಿದ್ದಂತೆ ಓದಿ ನೋಡಿ ಎಂದು ಎಸ್‌ಒಪಿ, ಅಂದರೆ ಅರ್ಜಿಯ ಜೊತೆ ಕಳಿಸಬೇಕಾದ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಎಂಬ ಬರಹದ ಕರಡುಗಳು ನನ್ನ ಬಳಿ ಬರತೊಡಗುತ್ತವೆ. ಹೆಚ್ಚಿನವುಗಳಲ್ಲಿ ಬೇಕಾದ ಸರಕೆಲ್ಲ ಇರುತ್ತದೆ, ಕೆಟ್ಟಿರುವುದು ಅದರ ಸರದಿ. ಬಾಲ್ಯ, ಪಿಯುಸಿ, ಬಿ.ಇ., ಪ್ರಾಜೆಕ್ಟ್, ನೌಕರಿ, ಕೊನೆಗೆ ‘ನಿಮ್ಮದು ವಿಶ್ವದರ್ಜೆಯ ಸಂಸ್ಥೆ’ ಎಂಬ ಹೊಗಳಿಕೆ. ಬದುಕು ನಡೆದ ಕ್ರಮದಲ್ಲೇ ಬರೆದದ್ದು. ಓದುವ ಪ್ರಾಧ್ಯಾಪಕರು ಹುಡುಕುವುದು ಬೇರೆ ಕ್ರಮವನ್ನು: ಈ ಅಭ್ಯರ್ಥಿಯನ್ನು ಕಾಡುತ್ತಿರುವ ಪ್ರಶ್ನೆ ಯಾವುದು, ಅದರ ಬೆನ್ನು ಹತ್ತಿ ಇದುವರೆಗೆ ಏನು ಮಾಡಿದ್ದಾರೆ, ಮುಂದಿನ ಕೆಲಸಕ್ಕೆ ನಮ್ಮ ವಿಭಾಗವೇ ಏಕೆ ಬೇಕು.

ಕೋಲಾರ ಜಿಲ್ಲೆಯ ಸಿವಿಲ್ ಎಂಜಿನಿಯರಿಂಗ್ ಪದವೀಧರೆಯೊಬ್ಬರ ಕರಡನ್ನೇ ಹಿಡಿದು ನೋಡೋಣ. ಆಕೆ ಜಲವಿಜ್ಞಾನದಲ್ಲಿ ಎಂ.ಎಸ್. ಮಾಡಲು ಹೊರಟವರು. ಬಿ.ಇ. ಆದ ಮೇಲೆ ಎರಡು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದಿದ್ದರು. ಕರಡಿನ ಉದ್ದ ಎರಡು ಪುಟ.

ಮೊದಲು ಮುದ್ರಿಸಿಕೊಳ್ಳಿ. ಪರದೆಯ ಮೇಲೆ ಈ ಕೆಲಸ ಆಗುವುದಿಲ್ಲ. ಹಾಳೆಯ ಒಂದೇ ಬದಿಗೆ ಮುದ್ರಿಸಿ, ಮೂರು ಬಣ್ಣದ ಪೆನ್ನು ತೆಗೆದುಕೊಂಡು, ಮೇಲಿನ ಮೂರು ಪ್ರಶ್ನೆಗಳಿಗೆ ಕ್ರಮವಾಗಿ ಪ್ರೇರಣೆ, ಸಿದ್ಧತೆ, ಹೊಂದಾಣಿಕೆ ಎಂದು ಗುರುತು ಹಾಕಿ. ಗುರುತು ಪ್ಯಾರಾಕ್ಕಲ್ಲ, ಪ್ರತಿ ವಾಕ್ಯಕ್ಕೆ. ಒಂದೇ ಪ್ಯಾರಾದಲ್ಲಿ ಮೂರೂ ಬಣ್ಣ ಕಲಸಿಕೊಂಡಿರುವುದು ಆಗ ಕಣ್ಣಿಗೆ ಬೀಳುತ್ತದೆ.

ಬಣ್ಣ ಬೀಳದ್ದನ್ನು ಹೊಡೆದುಹಾಕಿ. ಮಹನೀಯರ ಸೂಕ್ತಿ, ಓದಿದ ವಿಷಯಗಳ ಪಟ್ಟಿ, ಅಂಕಪಟ್ಟಿಯಲ್ಲಿ ಹೇಗೂ ಇರುವ ಸಿಜಿಪಿಎ, ಎಲ್ಲವೂ ಹೊರಗೆ.

ಪ್ರಶ್ನೆಯನ್ನು ಹುಡುಕಿ ಮೇಲಕ್ಕೆ ತನ್ನಿ. ನಿಜವಾದ ಪ್ರೇರಣೆ ಸಾಮಾನ್ಯವಾಗಿ ಮೊದಲ ಪ್ಯಾರಾದಲ್ಲಿ ಇರುವುದಿಲ್ಲ. ಈ ಕರಡು ಶುರುವಾಗುತ್ತಿದ್ದದ್ದು ಮನೆ ಮುಂದೆ ನೀರಿನ ಟ್ಯಾಂಕರ್‌ಗಾಗಿ ಕಾದ ಬಾಲ್ಯದಿಂದ. ನೆನಪು ನಿಜ, ಆದರೆ ಬರಪೀಡಿತ ಊರಿನ ಯಾರು ಬೇಕಾದರೂ ಅದನ್ನು ಬರೆಯಬಹುದು. ಮೂರನೆಯ ಪ್ಯಾರಾದ ನಡುವೆ, ಪ್ರಾಜೆಕ್ಟಿನ ವಿವರದಲ್ಲಿ, ಒಂದು ವಾಕ್ಯ ಹೂತುಹೋಗಿತ್ತು: ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ಕೆರೆ ತುಂಬಿದಲ್ಲಿ ಕೊಳವೆಬಾವಿಗಳಿಗೂ ನೀರು ಬಂದಿದೆ, ಆ ನೀರಿನ ಜೊತೆಗೆ ಇನ್ನೇನು ಇಳಿಯುತ್ತಿದೆ? ಇದು ಆಕೆಯದೇ ಪ್ರಶ್ನೆ. ಇದನ್ನು ಮೊದಲಿಗೆ ತಂದೆವು. ಟ್ಯಾಂಕರ್ ನೆನಪನ್ನು ಎಸೆಯಬೇಕಾಗಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಂತೆ ಕೆಲವೆಡೆ ವೈಯಕ್ತಿಕ ಹಿನ್ನೆಲೆಗೆ ಪ್ರತ್ಯೇಕ ಬರಹ ಕೇಳುತ್ತಾರೆ, ಅದರ ಜಾಗ ಅಲ್ಲಿ.

ಸಿದ್ಧತೆಯನ್ನು ಇಸವಿಯ ಕ್ರಮದಿಂದ ಬಿಡಿಸಿ. ಪ್ರಶ್ನೆಗೆ ಅತಿ ಹತ್ತಿರದ ಕೆಲಸ ಮೊದಲು ಬರಲಿ, ಅದು ಎಂದು ನಡೆದಿದ್ದರೂ ಸರಿ. ಇಲ್ಲಿ ಪ್ರಾಜೆಕ್ಟ್ ಮೊದಲು ಬಂತು: ಕೆರೆಯಿಂದ ಬೇರೆ ಬೇರೆ ದೂರದಲ್ಲಿರುವ ಕೊಳವೆಬಾವಿಗಳ ನೀರು ತಂದು ನೈಟ್ರೇಟ್ ಮತ್ತು ವಿದ್ಯುದ್ವಾಹಕತೆ ಅಳೆದದ್ದು, ಕೆಲವು ಬಾವಿಗಳಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಎಂಬ ಕುಡಿಯುವ ನೀರಿನ ಭಾರತೀಯ ಮಿತಿಯನ್ನು ದಾಟಿದ್ದು. ಸಾಫ್ಟ್‌ವೇರ್ ನೌಕರಿಗೆ ಆಕೆ ಒಂದು ಇಡೀ ಪ್ಯಾರಾ ಕೊಟ್ಟು, ಕ್ಷಮೆ ಕೇಳುವ ಧಾಟಿಯಲ್ಲಿ ಬರೆದಿದ್ದರು. ಅದು ಎರಡು ವಾಕ್ಯಕ್ಕೆ ಇಳಿಯಿತು: ಪೈಥಾನ್‌ನಲ್ಲಿ ದೊಡ್ಡ ದತ್ತಾಂಶವನ್ನು ಶುಚಿಗೊಳಿಸುವುದನ್ನು ಕಲಿತದ್ದು, ಅದೇ ಕೌಶಲದಿಂದ ಬಿಡುವಿನಲ್ಲಿ ಜಿಲ್ಲೆಯ ಅಂತರ್ಜಲ ಮಟ್ಟದ ಹಳೆಯ ಅಳತೆಗಳನ್ನು ಒಗ್ಗೂಡಿಸಿದ್ದು. ಪ್ರಶ್ನೆಗೆ ತಾಗದ ಹ್ಯಾಕಥಾನ್ ಬಹುಮಾನ ರೆಸ್ಯೂಮೆಗೆ ಹೋಯಿತು.

ಈಗ ಕಷ್ಟದ ಹೆಜ್ಜೆ: ಸಿದ್ಧತೆ ಮತ್ತು ಹೊಂದಾಣಿಕೆಯ ನಡುವಿನ ಕೀಲು. ಎಸ್‌ಒಪಿಗಳು ಮುರಿಯುವುದು ಇಲ್ಲೇ. ಮಾಡಿದ ಸಾಧನೆಗಳನ್ನು ಹೇಳಿ ಮುಗಿಸಿ, ಒಂದು ಸಾಲು ಬಿಟ್ಟು, ‘ಆದ್ದರಿಂದ ನಿಮ್ಮಲ್ಲಿ ಸೇರಬಯಸುತ್ತೇನೆ’ ಎನ್ನುತ್ತಾರೆ. ಆ ‘ಆದ್ದರಿಂದ’ಕ್ಕೆ ಕಾರಣವೇ ಇರುವುದಿಲ್ಲ. ಇಷ್ಟೆಲ್ಲ ಮಾಡಬಲ್ಲವರಿಗೆ ಇನ್ನೊಂದು ಪದವಿ ಏಕೆ ಎಂದು ಓದುವವರಿಗೆ ಅನ್ನಿಸುತ್ತದೆ. ಕಾರಣ ಸಿಗಬೇಕಾದರೆ ಸಿದ್ಧತೆಯ ಭಾಗ ಸಾಧನೆಯಲ್ಲಿ ಅಲ್ಲ, ಉತ್ತರ ಸಿಗದೆ ನಿಂತ ಜಾಗದಲ್ಲಿ ಮುಗಿಯಬೇಕು. ‘ನನ್ನ ಬಳಿಯಿದ್ದ ವಿಧಾನದಿಂದ ಇಷ್ಟು ತಿಳಿಯಿತು, ಇದೊಂದು ತಿಳಿಯಲಿಲ್ಲ, ಕಾರಣ ಇದು’ ಎಂದು ಬರೆಯಿರಿ.

ನಮ್ಮವರು ಇದನ್ನು ಬರೆಯಲು ಹೆದರುತ್ತಾರೆ, ಕೊರತೆ ಒಪ್ಪಿಕೊಂಡಂತಾಗುತ್ತದೆ ಎಂದು. ಈಕೆಯ ಮೊದಲ ಪ್ರಯತ್ನ ಹೀಗಿತ್ತು: ‘ಈ ಕ್ಷೇತ್ರದಲ್ಲಿ ಇನ್ನೂ ಆಳವಾದ ಜ್ಞಾನ ಪಡೆಯಬೇಕಿದೆ.’ ಇದು ಕೀಲಲ್ಲ, ಯಾವ ಕ್ಷೇತ್ರಕ್ಕೂ ಹೊಂದುತ್ತದೆ. ಆ ನೈಟ್ರೇಟ್ ಕೆರೆಯಿಂದಲೇ ಬಂದದ್ದೆಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ‘ಗೊತ್ತಿಲ್ಲ ಸರ್, ಸುತ್ತ ಟೊಮೆಟೊ ಹೊಲಗಳಿವೆ, ಗೊಬ್ಬರದಿಂದಲೂ ಬಂದಿರಬಹುದು’ ಎಂದರು. ಅದನ್ನೇ ಬರೆಯಿರಿ ಎಂದೆ. ಎರಡನೆಯ ಸಲ ಬಂದದ್ದು ಇದು: ‘ನನ್ನ ಅಳತೆ ನೈಟ್ರೇಟ್ ಎಷ್ಟಿದೆ ಎಂದು ಹೇಳಿತು, ಎಲ್ಲಿಂದ ಬಂತೆಂದು ಹೇಳಲಿಲ್ಲ. ಸಂಸ್ಕರಿತ ನೀರು, ರಸಗೊಬ್ಬರ, ಕೊಟ್ಟಿಗೆ ಗೊಬ್ಬರ ಮೂರೂ ಸಾಧ್ಯ. ಸಾರಜನಕ ಮತ್ತು ಆಮ್ಲಜನಕದ ಐಸೋಟೋಪ್ ಅನುಪಾತದಿಂದ ರಸಗೊಬ್ಬರದ ಪಾಲನ್ನು ಬೇರ್ಪಡಿಸಬಹುದು, ಆದರೆ ಕೊಟ್ಟಿಗೆ ಗೊಬ್ಬರ ಮತ್ತು ಕೊಳಚೆ ನೀರಿನ ಅನುಪಾತಗಳು ಒಂದರ ಮೇಲೊಂದು ಬೀಳುವುದರಿಂದ ಬೋರಾನ್ ಐಸೋಟೋಪಿನಂತಹ ಇನ್ನೊಂದು ಸಾಕ್ಷ್ಯ ಬೇಕು. ಈ ವಿಧಾನಗಳನ್ನು ನಾನು ಓದಿದ್ದೇನೆ, ಕೈಯಾರೆ ಮಾಡಿಲ್ಲ.’ ಇಷ್ಟು ಸ್ಪಷ್ಟವಾಗಿ ತನ್ನ ಮಿತಿಯನ್ನು ಗುರುತಿಸುವವರು ವಿಷಯ ಬಲ್ಲವರೆಂದು ಪ್ರಾಧ್ಯಾಪಕರಿಗೆ ತಿಳಿಯುತ್ತದೆ.

ಈ ಸಾಲುಗಳಿಗೆ ಅಡ್ಡದಾರಿ ಇಲ್ಲ. ಕನ್ಸಲ್ಟೆನ್ಸಿಗಳು ಹಣ ಪಡೆದು ಕೊಡುವ ಸಿದ್ಧ ನಮೂನೆಗಳಲ್ಲಿ ಇಂಥ ವಾಕ್ಯಕ್ಕೆ ಜಾಗವೇ ಇರುವುದಿಲ್ಲ, ಏಕೆಂದರೆ ಅದನ್ನು ನಿಮ್ಮ ಹೊರತು ಯಾರೂ ತುಂಬಲಾರರು. ಅಂತಹ ನಮೂನೆ ಕೊಳ್ಳಬೇಡಿ. ನಿಮ್ಮ ಪ್ರಾಜೆಕ್ಟ್ ಗೈಡ್ ಜೊತೆ ಅರ್ಧ ಗಂಟೆ ಕುಳಿತು, ‘ನನ್ನ ಫಲಿತಾಂಶದ ಮೇಲೆ ನೀವು ಎತ್ತುವ ಆಕ್ಷೇಪ ಏನು?’ ಎಂದು ಕೇಳಿ.

ಹೊಂದಾಣಿಕೆ ಆ ಕೊರತೆಗೆ ಉತ್ತರವಾಗಲಿ. ಕೀಲು ಗಟ್ಟಿಯಾದರೆ ಈ ಭಾಗ ತಾನಾಗಿ ಕಿರಿದಾಗುತ್ತದೆ. ಐಸೋಟೋಪ್ ಪ್ರಯೋಗಾಲಯವಿರುವ ವಿಭಾಗ, ಅಂತರ್ಜಲದಲ್ಲಿ ಮಾಲಿನ್ಯದ ಚಲನೆ ಅಧ್ಯಯನ ಮಾಡುವ ಒಬ್ಬಿಬ್ಬರು ಪ್ರಾಧ್ಯಾಪಕರು, ಬೇಕಾದ ಒಂದು ಕೋರ್ಸ್, ಇಷ್ಟು ಸಾಕು. ಐದಾರು ಹೆಸರು ಪೋಣಿಸಿದರೆ ಯಾರ ಕೆಲಸವನ್ನೂ ಓದಿಲ್ಲವೆಂದೇ ಅರ್ಥ. ಹೆಸರಿಸುವ ಮುನ್ನ ಅವರು ನಿವೃತ್ತರಾಗಿಲ್ಲ, ಬೇರೆಡೆ ಹೋಗಿಲ್ಲ ಎಂಬುದನ್ನು ವಿಭಾಗದ ಪುಟದಲ್ಲಿ ನೋಡಿ, ಇತ್ತೀಚಿನ ಒಂದು ಪ್ರಬಂಧವನ್ನಾದರೂ ಓದಿ. ಥೀಸಿಸ್ ಬರೆಯದೆ ಕೋರ್ಸ್ ಮಾತ್ರ ಮುಗಿಸುವ ಎಂ.ಎಸ್. ಆದರೆ ಪ್ರಾಧ್ಯಾಪಕರಿಗಿಂತ ಕೋರ್ಸುಗಳಿಗೆ ಒತ್ತು ಕೊಡಿ. ವಿಶ್ವವಿದ್ಯಾಲಯದ ಹೆಸರಿನ ಜಾಗದಲ್ಲಿ ಬೇರೊಂದರ ಹೆಸರಿಟ್ಟು ಓದಿ, ಪ್ಯಾರಾ ಹಾಗೆಯೇ ನಿಂತರೆ ಅದನ್ನು ಮತ್ತೆ ಬರೆಯಬೇಕು. ರ‍್ಯಾಂಕಿಂಗ್ ಉಲ್ಲೇಖ ಬೇಡವೇ ಬೇಡ.

ಮುಂದಿನ ಗುರಿಗೆ ಎರಡು ವಾಕ್ಯ.

ಜೋಡಣೆಯನ್ನು ಪರೀಕ್ಷಿಸಿ. ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಒಂದರ ಕೆಳಗೊಂದು ಬರೆದು ಓದಿ. ವಾದ ಅಷ್ಟರಲ್ಲೇ ತಿಳಿಯಬೇಕು. ಬಳಿಕ ಸಿದ್ಧತೆಯ ಯಾವುದಾದರೂ ಎರಡು ಪ್ಯಾರಾಗಳನ್ನು ಅದಲುಬದಲು ಮಾಡಿ. ಏನೂ ಕೆಡದಿದ್ದರೆ ಅವುಗಳ ನಡುವೆ ಸಂಬಂಧವೇ ಹುಟ್ಟಿಲ್ಲ, ಎರಡನೆಯದರ ಮೊದಲ ವಾಕ್ಯವನ್ನು ಹಿಂದಿನದರ ಫಲಿತಾಂಶದಿಂದ ಶುರುಮಾಡಿ. ‘ಅದಲ್ಲದೆ’, ‘ಇದರ ಜೊತೆಗೆ’ ಎಂದು ಆರಂಭವಾಗುವ ಪ್ಯಾರಾಗಳ ಮೇಲೆ ವಿಶೇಷ ಕಣ್ಣಿರಲಿ.

ಪದಮಿತಿ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ. ಮಿತಿ ಚಿಕ್ಕದಿದ್ದಲ್ಲಿ ಪ್ರಾಜೆಕ್ಟಿನ ವಿವರವನ್ನು ಕತ್ತರಿಸಿ, ಕೀಲಿನ ಸಾಲುಗಳನ್ನು ಮುಟ್ಟಬೇಡಿ. ಹಲವು ಕಡೆ ಅರ್ಜಿ ಹಾಕುವಾಗ ಹೊಂದಾಣಿಕೆಯ ಭಾಗ ಪ್ರತಿ ಸಲ ಹೊಸದಾಗಬೇಕು. ಕೋಲಾರದ ಈ ಕರಡು ಐಸೋಟೋಪ್ ಸೌಲಭ್ಯವಿಲ್ಲದ, ಆದರೆ ಅಂತರ್ಜಲ ಮಾದರಿ ರಚನೆಯಲ್ಲಿ ಬಲವಾದ ವಿಭಾಗಕ್ಕೆ ಹೋಗುವಾಗ ಕೀಲೂ ಬದಲಾಯಿತು. ಅಲ್ಲಿ ಉತ್ತರ ಸಿಗದೆ ನಿಂತ ಪ್ರಶ್ನೆ ನೈಟ್ರೇಟ್ ಎಲ್ಲಿಂದ ಬಂತೆಂಬುದಲ್ಲ, ಗ್ರಾನೈಟ್ ಬಿರುಕುಗಳಲ್ಲಿ ಅದು ಯಾವ ಬಾವಿಯನ್ನು ಎಷ್ಟು ಕಾಲಕ್ಕೆ ತಲುಪುತ್ತದೆ ಎಂಬುದು.