ಮೂರು ಸಹಿಗಳ ಹಿಂದಿದ್ದ ಒಂದೇ ಹೇಳಿಕೆ: ಸ್ವತಂತ್ರ ನಿರ್ದೇಶಕನಾಗಿ ನನ್ನ ಅನುಭವ

ಕಂಪನಿಯ ನಿರ್ದೇಶಕನಾದವನು ಎಲ್ಲವನ್ನೂ ತಾನೇ ಪರಿಶೀಲಿಸಲಾರ, ಕಾನೂನೂ ಅದನ್ನು ಬಯಸುವುದಿಲ್ಲ. ದಾಸ್ತಾನಿನ ಎಣಿಕೆ, ಪಿಂಚಣಿ ಹೊಣೆಯ ಗಣಿತ, ತೆರಿಗೆಯ ಲೆಕ್ಕಾಚಾರ ಇವುಗಳಲ್ಲಿ ಅಧಿಕಾರಿಗಳನ್ನೂ ಪರಿಣತರನ್ನೂ ನಂಬಿ ನಡೆಯಲು ಅವಕಾಶವಿದೆ. ಆದರೆ ಆ ನಂಬಿಕೆಗೆ ಮಿತಿಯೂ ಇದೆ. ಅಮೆರಿಕದ ಡೆಲವೇರ್ ಕಾನೂನಿನ ಪ್ರಕಾರ ಪರಿಣತನನ್ನು ಎಚ್ಚರದಿಂದ ಆಯ್ದಿರಬೇಕು ಮತ್ತು ವಿಷಯವು ಅವನ ಪರಿಣತಿಯ ವ್ಯಾಪ್ತಿಯೊಳಗಿನದೆಂದು ನಂಬಲು ಕಾರಣವಿರಬೇಕು. ಆಸ್ಟ್ರೇಲಿಯಾದ ಕಾನೂನು, ಬಂದ ಮಾಹಿತಿಯನ್ನು ನಿರ್ದೇಶಕ ಸ್ವತಂತ್ರವಾಗಿ ತೂಗಿ ನೋಡಿರಬೇಕೆಂದು ಹೇಳುತ್ತದೆ.

ಈ ಮಿತಿ ಎಲ್ಲಿದೆ ಎಂಬುದನ್ನು ಸ್ಪಷ್ಟವಾಗಿ ತೋರಿಸಿದ್ದು ಆಸ್ಟ್ರೇಲಿಯಾದ ಸೆಂಟ್ರೊ ಪ್ರಕರಣ. ಸೆಂಟ್ರೊ ಸಮೂಹದ 2007ರ ಲೆಕ್ಕಪತ್ರಗಳಲ್ಲಿ ಸುಮಾರು 150 ಕೋಟಿ ಆಸ್ಟ್ರೇಲಿಯನ್ ಡಾಲರಿನ ಅಲ್ಪಾವಧಿ ಸಾಲ ದೀರ್ಘಾವಧಿಯ ಸಾಲಿಗೆ ಸೇರಿಹೋಗಿತ್ತು. ಹಣಕಾಸು ವಿಭಾಗವೂ ಹೊರಗಿನ ಆಡಿಟರ್‌ಗಳೂ ಅದನ್ನು ಗಮನಿಸಿರಲಿಲ್ಲ. ಅವರನ್ನು ನಂಬಿದ್ದೆವು, ಸಭೆಗೆ ಬಂದ ಕಾಗದಪತ್ರಗಳ ರಾಶಿ ವಿಪರೀತವಾಗಿತ್ತು ಎಂಬ ನಿರ್ದೇಶಕರ ಸಮರ್ಥನೆಯನ್ನು 2011ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ತಾನು ಒಪ್ಪಿಗೆ ಕೊಡುವ ಲೆಕ್ಕಪತ್ರವನ್ನು ಓದಿ, ಕಂಪನಿಯ ಬಗ್ಗೆ ತನಗೆ ಗೊತ್ತಿರುವುದರೊಂದಿಗೆ ಹೋಲಿಸುವ ಕೆಲಸವನ್ನು ಬೇರೆಯವರಿಗೆ ವಹಿಸುವಂತಿಲ್ಲ. ಕಾಗದದ ರಾಶಿ ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದೂ ಮಂಡಳಿಯ ಕೈಯಲ್ಲೇ ಇತ್ತು.

ನಾನು ಆಡಿಟ್ ಸಮಿತಿಯಲ್ಲಿದ್ದ ಒಂದು ಕಂಪನಿಯಲ್ಲಿ ಇಂಥದ್ದೇ ಪ್ರಶ್ನೆ ಎದುರಾಯಿತು. ಕರಡು ಲೆಕ್ಕಪತ್ರದಲ್ಲಿ 60 ಕೋಟಿಯ ಬ್ಯಾಂಕ್ ಸಾಲ ದೀರ್ಘಾವಧಿಯದೆಂದು ನಮೂದಾಗಿತ್ತು. ಬಡ್ಡಿ ಮತ್ತು ಸವಕಳಿಯನ್ನು ಕಳೆಯುವ ಮುಂಚಿನ ಲಾಭವು ವರ್ಷದ ಬಡ್ಡಿಯ ಮೂರು ಪಟ್ಟಾದರೂ ಇರಬೇಕು, ಇಲ್ಲವಾದರೆ ಬ್ಯಾಂಕು ಇಡೀ ಸಾಲವನ್ನು ತಕ್ಷಣ ಕೇಳಬಹುದು ಎಂದು ಸಾಲದ ಒಪ್ಪಂದದಲ್ಲಿತ್ತು. ಲಾಭ–ನಷ್ಟದ ಪಟ್ಟಿಯ ಎರಡು ಅಂಕಿಗಳನ್ನು ಭಾಗಿಸಿ ನೋಡಿದಾಗ ಬಂದದ್ದು 2.6. ಹಣಕಾಸು ಮುಖ್ಯಸ್ಥರನ್ನು ಕೇಳಿದೆ. "ಬ್ಯಾಂಕಿನವರೇ ವಿನಾಯಿತಿ ಪತ್ರ ಕೊಟ್ಟಿದ್ದಾರಲ್ಲ ಸರ್, ವಕೀಲರೂ ನೋಡಿ ಅಭಿಪ್ರಾಯ ಕೊಟ್ಟಿದ್ದಾರೆ" ಎಂದರು.

ಎರಡನ್ನೂ ತರಿಸಿ ಓದಿದೆ. ವಕೀಲರ ಅಭಿಪ್ರಾಯ ತನ್ನ ಮಟ್ಟಿಗೆ ಸರಿಯಾಗಿಯೇ ಇತ್ತು, ಆದರೆ ಅವರನ್ನು ಕೇಳಿದ್ದು ಆ ಪತ್ರ ಬ್ಯಾಂಕನ್ನು ಕಟ್ಟಿಹಾಕುತ್ತದೆಯೇ ಎಂದಷ್ಟೇ. ಸಾಲವನ್ನು ಲೆಕ್ಕಪತ್ರದಲ್ಲಿ ಎಲ್ಲಿ ತೋರಿಸಬೇಕೆಂದಲ್ಲ. ಅಷ್ಟೇ ಅಲ್ಲದೆ, ವರ್ಷಾಂತ್ಯಕ್ಕೆ ಮುಂಚೆಯೇ ವಿನಾಯಿತಿ ಸಿಕ್ಕಿದೆ ಎಂಬ ಆಡಳಿತದ ಹೇಳಿಕೆಯನ್ನು ಆಧರಿಸಿದ್ದಾಗಿ ಅವರೇ ಬರೆದಿದ್ದರು. ಆಡಿಟರ್‌ಗಳ ಕರಡು ಟಿಪ್ಪಣಿಯೂ ಆಡಳಿತ ಬರೆದುಕೊಟ್ಟ ಅದೇ ಮಾತನ್ನು ಉಲ್ಲೇಖಿಸಿತ್ತು. ಹೊರಗಿನಿಂದ ನೋಡಿದವರಿಗೆ ಮೂವರು ಬೇರೆ ಬೇರೆಯಾಗಿ ದೃಢಪಡಿಸಿದಂತೆ ಕಾಣುತ್ತಿತ್ತು, ವಾಸ್ತವದಲ್ಲಿ ಮೂರೂ ನಿಂತದ್ದು ಒಬ್ಬರ ಒಂದು ವಾಕ್ಯದ ಮೇಲೆ. ಬ್ಯಾಂಕಿನ ಪತ್ರದ ದಿನಾಂಕವೋ, ವರ್ಷಾಂತ್ಯ ಕಳೆದು ಮೂರು ವಾರದ ನಂತರದ್ದು.

ಆ ಕಂಪನಿ ಅನುಸರಿಸುತ್ತಿದ್ದ ಅಂತರರಾಷ್ಟ್ರೀಯ ಮಾನದಂಡ ಐಎಎಸ್ 1ರ ಪ್ರಕಾರ, ವರ್ಷಾಂತ್ಯದೊಳಗೆ ಷರತ್ತು ಮುರಿದು ಸಾಲ ಬೇಡಿಕೆಯ ಮೇಲೆ ತೀರಿಸಬೇಕಾದದ್ದಾಗಿದ್ದರೆ, ವಿನಾಯಿತಿ ನಂತರ ಸಿಕ್ಕರೂ ಅದನ್ನು ಅಲ್ಪಾವಧಿಯ ಸಾಲವೆಂದೇ ತೋರಿಸಬೇಕು. (ಭಾರತದ ಇಂಡ್ ಎಎಸ್ 1 ಬಹುಕಾಲ ಈ ಒಂದು ಅಂಶದಲ್ಲಿ ಭಿನ್ನವಾಗಿತ್ತು, ಲೆಕ್ಕಪತ್ರಕ್ಕೆ ಒಪ್ಪಿಗೆ ಸಿಗುವ ಮುಂಚೆ ವಿನಾಯಿತಿ ಬಂದರೆ ಅಲ್ಲಿ ಅದು ಸಲ್ಲುತ್ತಿತ್ತು. ಹಾಗಾಗಿ ಯಾವ ಮಾನದಂಡ ಅನ್ವಯಿಸುತ್ತದೆ ಎಂಬುದನ್ನೇ ಮೊದಲು ಕೇಳುವುದು ಒಳ್ಳೆಯದು.) ಅಲ್ಪಾವಧಿ ಆಸ್ತಿ 90 ಕೋಟಿ, ಹೊಣೆ 70 ಕೋಟಿ ಎಂದಿದ್ದ ಚಿತ್ರ, ಸಾಲ ಸ್ಥಳ ಬದಲಿಸಿದೊಡನೆ 90ಕ್ಕೆ 130 ಎಂದಾಯಿತು. ಷೇರುದಾರರಿಗೆ ಈ ಎರಡೂ ಒಂದೇ ಕಂಪನಿಯಂತೆ ಕಾಣುವುದಿಲ್ಲ. ಆಡಿಟರ್‌ಗಳು ಮೂಲಪತ್ರವನ್ನು ನೋಡಿ ತಿದ್ದುಪಡಿಗೆ ಒಪ್ಪಿದರು. ಮುಂದಿನ ಹನ್ನೆರಡು ತಿಂಗಳ ನಗದು ಹರಿವಿನ ಅಂದಾಜನ್ನು ಪರಿಶೀಲಿಸಿದ ಮೇಲೆಯೇ ಮಂಡಳಿ ಒಪ್ಪಿಗೆ ನೀಡಿತು.

ಅಲ್ಲಿ ಬೇಕಾದದ್ದು ಆಡಿಟರನ ಪಾಂಡಿತ್ಯವಲ್ಲ, ಸಾಲದ ಷರತ್ತು ಗೊತ್ತಿದ್ದವನು ಲೆಕ್ಕಪತ್ರವನ್ನು ಓದುವುದಷ್ಟೇ ಸಾಕಿತ್ತು. ಅಂದಿನಿಂದ ಪರಿಣತರ ವರದಿ ಬಂದಾಗ ಸಾರಾಂಶಕ್ಕಿಂತ ಮೊದಲು ನಾನು ಓದುವುದು ಅವರಿಗೆ ಕಳಿಸಿದ ಪ್ರಶ್ನೆಯ ಪತ್ರ ಮತ್ತು ಅವರು ಪರಿಶೀಲಿಸದೆ ಒಪ್ಪಿಕೊಂಡ ಸಂಗತಿಗಳ ಪಟ್ಟಿಯನ್ನು. ಆ ಪಟ್ಟಿಯಲ್ಲಿ ತೀರ್ಮಾನವನ್ನೇ ಬದಲಿಸಬಲ್ಲ ಅಂಶವಿದ್ದರೆ ಅದರ ಮೂಲ ದಾಖಲೆಯನ್ನು ಕೇಳುತ್ತೇನೆ, ಉಳಿದದ್ದನ್ನು ಅವರಿಗೇ ಬಿಡುತ್ತೇನೆ. ವ್ಯವಹಾರ ಕುದುರಿದರೆ ಮಾತ್ರ ಶುಲ್ಕ ಪಡೆಯುವ ಸಲಹೆಗಾರರ ಮೌಲ್ಯಮಾಪನವಾದರೆ ಇನ್ನೂ ಬಿಗಿಯಾಗಿ ನೋಡುತ್ತೇನೆ.

ಕೇಳಿದ ಪ್ರಶ್ನೆ, ನೋಡಿದ ದಾಖಲೆ ಮತ್ತು ಸಿಕ್ಕ ಉತ್ತರ ಸಭೆಯ ನಡಾವಳಿಯಲ್ಲಿ ದಾಖಲಾಗುವಂತೆ ಕಾರ್ಯದರ್ಶಿಗೆ ಹೇಳುತ್ತೇನೆ. "ಚರ್ಚಿಸಿ ಅನುಮೋದಿಸಲಾಯಿತು" ಎಂಬ ಒಂದೇ ಸಾಲಿನಿಂದ ಮಂಡಳಿ ಏನನ್ನು ತೂಗಿ ನೋಡಿತೆಂದು ತಿಳಿಯುವುದಿಲ್ಲ. ಒಪ್ಪಿಗೆ ಕೊಟ್ಟ ನಂತರ ಅನುಮಾನಕ್ಕೆ ಕಾರಣವಾಗುವ ಹೊಸ ಸಂಗತಿ ತಿಳಿದರೆ, ಹಳೆಯ ವರದಿಯನ್ನು ನಂಬಿದ್ದೆ ಎಂಬ ಮಾತು ಆ ದಿನದಿಂದಾಚೆಗೆ ನಿಲ್ಲುವುದಿಲ್ಲ. ಅದಕ್ಕಾಗಿಯೇ ಬ್ಯಾಂಕಿಗೆ ಸಲ್ಲಿಸುವ ಷರತ್ತು ಪಾಲನೆಯ ಪ್ರಮಾಣಪತ್ರದ ಪ್ರತಿ ಈಗ ಪ್ರತಿ ತ್ರೈಮಾಸಿಕದ ಸಭಾ ಕಡತದಲ್ಲಿ, ಲಾಭ–ನಷ್ಟದ ಪಟ್ಟಿಯ ಪಕ್ಕದಲ್ಲೇ ಇರುತ್ತದೆ.