ಮಾನ್ಸೂನ್ ನಕ್ಷೆ ಓದುವುದು ಹೇಗೆ? ಜುಲೈನ ಒಂದು ಬಾಣದ ಜಾಡು ಹಿಡಿದು

ಮಾನ್ಸೂನ್ ಪಾಠದ ಸ್ಲೈಡ್ ಪರದೆಯ ಮೇಲೆ ಮೂಡಿದಾಗ ನಾನು ಮಕ್ಕಳಿಗೆ ಮೊದಲು ಕೇಳುವ ಪ್ರಶ್ನೆ ಒಂದೇ: ಜುಲೈ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಒತ್ತಡ ಎಲ್ಲಿದೆ? ಸಿಂಧ್ ಮತ್ತು ರಾಜಸ್ಥಾನದ ಮೇಲೆ ಬರೆದ ಸಣ್ಣ ವೃತ್ತವನ್ನು ಬಹುತೇಕ ಎಲ್ಲರೂ ಸರಿಯಾಗಿಯೇ ತೋರಿಸುತ್ತಾರೆ. ಹಾಗಾದರೆ ಅಲ್ಲಿ ಮಳೆ ಎಷ್ಟು ಎಂದು ಕೇಳಿದೊಡನೆ ತರಗತಿ ಮೌನವಾಗುತ್ತದೆ. ಅದು ಥಾರ್ ಮರುಭೂಮಿ. ಅಲ್ಲಿನ ಜೈಸಲ್ಮೇರ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ನಮ್ಮ ಆಗುಂಬೆ ಆಷಾಢದಲ್ಲಿ ಒಂದೇ ದಿನ ಅಷ್ಟು ಸುರಿಸಿಬಿಡುವುದುಂಟು.

‘ಕಡಿಮೆ ಒತ್ತಡ ಇದ್ದಲ್ಲಿ ಮಳೆ’ ಎಂದು ಬಾಯಿಪಾಠ ಮಾಡಿದವರು ಈ ನಕ್ಷೆಯ ಮುಂದೆ ಎಡವುವುದು ಇಲ್ಲಿಯೇ. ಒತ್ತಡದ ವ್ಯತ್ಯಾಸ ಗಾಳಿಯನ್ನು ಎಳೆಯುತ್ತದೆ. ಮಳೆ ಬರಬೇಕಾದರೆ ಆ ಗಾಳಿಯಲ್ಲಿ ನೀರಾವಿ ಇರಬೇಕು, ಅದನ್ನು ಮೇಲಕ್ಕೆತ್ತುವ ಏನಾದರೊಂದು ಇರಬೇಕು. ನಕ್ಷೆಯಲ್ಲಿ ಈ ಮೂರನ್ನೂ ಬೇರೆ ಬೇರೆಯಾಗಿ ಹುಡುಕುವುದನ್ನು ಕಲಿತರೆ ಸಾಕು.

ಹಂತ 1: ತಿಂಗಳು, ಸಂಖ್ಯೆ, ಬಾಣದ ತಲೆ

ಸ್ಲೈಡ್‌ನಲ್ಲಿ ಸಾಮಾನ್ಯವಾಗಿ ಎರಡು ನಕ್ಷೆಗಳಿರುತ್ತವೆ, ಒಂದು ಜನವರಿಯದು, ಇನ್ನೊಂದು ಜುಲೈಯದು. ಯಾವುದು ಯಾವುದೆಂದು ನೋಡದೆ ಮುಂದೆ ಹೋಗಬೇಡಿ. ಪಂಚಾಂಗದ ಲೆಕ್ಕದಲ್ಲಿ ಜುಲೈ ನಕ್ಷೆ ಎಂದರೆ ಹೆಚ್ಚುಕಡಿಮೆ ಪುನರ್ವಸು, ಪುಷ್ಯ ಮಳೆಗಳ ಕಾಲ.

ಬಾಗಿ ಹೋಗುವ ಗೆರೆಗಳು ಸಮಭಾರ ರೇಖೆಗಳು. ಒಂದು ಗೆರೆಯುದ್ದಕ್ಕೂ ಒತ್ತಡ ಒಂದೇ. ಗೆರೆಯ ಮೇಲಿನ ಸಂಖ್ಯೆ ಮಿಲಿಬಾರ್‌ನಲ್ಲಿರಲಿ, ಹೆಕ್ಟೊಪ್ಯಾಸ್ಕಲ್‌ನಲ್ಲಿರಲಿ, ಎರಡೂ ಒಂದೇ. ಬಾಣದ ತಲೆ ಗಾಳಿ ಹೋಗುವ ದಿಕ್ಕನ್ನು ತೋರಿಸುತ್ತದೆ, ಆದರೆ ಗಾಳಿಯ ಹೆಸರು ಅದು ಬಂದ ದಿಕ್ಕಿನದು. ಈಶಾನ್ಯದತ್ತ ಚಾಚಿದ ಬಾಣ ನೈರುತ್ಯ ಮಾರುತ. ಈ ಒಂದು ಗೊಂದಲದಿಂದಲೇ ಪರೀಕ್ಷೆಯಲ್ಲಿ ಇಡೀ ಉತ್ತರ ತಲೆಕೆಳಗಾಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನೊಂದು ಎಚ್ಚರಿಕೆ. ನಕ್ಷೆಯ ಒತ್ತಡವೆಲ್ಲ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ್ದು. ನಾಲ್ಕೂವರೆ ಸಾವಿರ ಮೀಟರ್ ಎತ್ತರದ ಟಿಬೆಟ್ ಪ್ರಸ್ಥಭೂಮಿಯ ಮೇಲೆ ಎಳೆದ ಗೆರೆಗಳನ್ನು ಅದಕ್ಕಾಗಿ ಹೆಚ್ಚು ನಂಬಬಾರದು. ಅಲ್ಲಿ ಸಮುದ್ರಮಟ್ಟವೇ ಇಲ್ಲ.

ಹಂತ 2: ತಳ್ಳುವ ತುದಿ, ಎಳೆಯುವ ತುದಿ

ಎಳೆಯುವ ತುದಿ ಆಗಲೇ ಸಿಕ್ಕಿದೆ. ಅಲ್ಲಿ ಒತ್ತಡ ಸುಮಾರು 996. ಏಪ್ರಿಲ್‌ನಿಂದ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಬಿಸಿಮಾಡಿ ಹಗುರಗೊಳಿಸಿದ್ದರ ಫಲ ಅದು. ಈಗ ಕಣ್ಣನ್ನು ಸಮಭಾಜಕ ವೃತ್ತ ದಾಟಿಸಿ ದಕ್ಷಿಣಕ್ಕೆ ಒಯ್ಯಿರಿ. ಮಡಗಾಸ್ಕರ್‌ನ ಆಗ್ನೇಯಕ್ಕೆ, 30 ಡಿಗ್ರಿ ದಕ್ಷಿಣ ಅಕ್ಷಾಂಶದ ಆಸುಪಾಸಿನಲ್ಲಿ ಸುಮಾರು 1024ರ ದೊಡ್ಡ ವೃತ್ತವಿದೆ. ಅದು ಮಸ್ಕರೇನ್ ಅಧಿಕ ಒತ್ತಡ. ದಕ್ಷಿಣಾರ್ಧದ ಉಪೋಷ್ಣ ಅಧಿಕ ಒತ್ತಡ ಪಟ್ಟಿಯ ಒಂದು ತುಂಡು. ಜುಲೈಯಲ್ಲಿ ಅಲ್ಲಿ ಚಳಿಗಾಲವಾದ್ದರಿಂದ ಅದು ಮೈದುಂಬಿಕೊಂಡಿರುತ್ತದೆ.

ಎರಡು ತುದಿಗಳ ನಡುವೆ ಸುಮಾರು 28 ಹೆಕ್ಟೊಪ್ಯಾಸ್ಕಲ್ ವ್ಯತ್ಯಾಸ, ಆರು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ. ಆ ದೂರದ ಬಹುಪಾಲು ಬೆಚ್ಚನೆಯ ಸಮುದ್ರ. ಮಳೆಗೆ ಬೇಕಾದ ಎರಡನೆಯ ಅಂಶವಾದ ನೀರಾವಿ ಗಾಳಿಗೆ ಸೇರುವುದು ಈ ದಾರಿಯಲ್ಲಿ.

ನಡುವೆ ಇರಬೇಕಾದ ಸಮಭಾಜಕದ ಕಡಿಮೆ ಒತ್ತಡ ಪಟ್ಟಿ ಎಲ್ಲಿ ಹೋಯಿತು? ಸೂರ್ಯನ ಬೆನ್ನು ಹತ್ತಿ ಅದು ಉತ್ತರಕ್ಕೆ ಸರಿದಿದೆ. ಭಾರತದ ಮೇಲೆ ಅದು ರಾಜಸ್ಥಾನದಿಂದ ಗಂಗಾ ಬಯಲಿನುದ್ದಕ್ಕೂ ಬಂಗಾಳ ಕೊಲ್ಲಿಯ ತಲೆಯವರೆಗೆ ಉದ್ದನೆಯ ತಗ್ಗಿನಂತೆ ಚಾಚಿಕೊಂಡಿದೆ. ಇದೇ ಮಾನ್ಸೂನ್ ದ್ರೋಣಿ. ನಕ್ಷೆಯಲ್ಲಿ ಇದರ ಮೇಲೊಂದು ಗೆರೆ ಎಳೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 3: ಬಾಣ ತಿರುಗಿದ್ದೇಕೆ

ಮಸ್ಕರೇನ್‌ನಿಂದ ಹೊರಟ ಗಾಳಿ ನೇರವಾಗಿ ರಾಜಸ್ಥಾನಕ್ಕೆ ಹೋಗುವುದಿಲ್ಲ. ಭೂಮಿ ತಿರುಗುತ್ತಿರುವುದರಿಂದ ದಕ್ಷಿಣಾರ್ಧದಲ್ಲಿ ಗಾಳಿ ತಾನು ಸಾಗುವ ದಿಕ್ಕಿನ ಎಡಕ್ಕೆ ವಾಲುತ್ತದೆ, ಉತ್ತರಾರ್ಧದಲ್ಲಿ ಬಲಕ್ಕೆ. ಹಾಗಾಗಿ ದಕ್ಷಿಣದಲ್ಲಿ ಅದು ಆಗ್ನೇಯ ವಾಣಿಜ್ಯ ಮಾರುತ. ಪೂರ್ವ ಆಫ್ರಿಕಾದ ಎತ್ತರದ ನೆಲ ತಡೆಗೋಡೆಯಂತೆ ಅದನ್ನು ಉತ್ತರಕ್ಕೆ ಹಾಯಿಸುತ್ತದೆ. ಸಮಭಾಜಕ ವೃತ್ತ ದಾಟಿದ ಮೇಲೆ ವಾಲುವಿಕೆ ಬಲಕ್ಕೆ ಬದಲಾಗಿ, ಸೊಮಾಲಿಯಾ ಕರಾವಳಿಯ ಬಳಿ ಬಾಣ ಬಿಲ್ಲಿನಂತೆ ಬಾಗಿ ನೈರುತ್ಯ ಮಾರುತವಾಗುತ್ತದೆ.

ನೀವು ಓದಿದ್ದು ಸರಿಯೇ ಎಂದು ತಾಳೆ ನೋಡಲು ಒಂದು ಉಪಾಯವಿದೆ. ಜುಲೈಯಲ್ಲಿ ಪಣಂಬೂರು ಕಡಲತೀರದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಬೀಸುವ ನೈರುತ್ಯ ಗಾಳಿಗೆ ಬೆನ್ನು ಕೊಡಿ. ನಿಮ್ಮ ಮುಖ ಈಶಾನ್ಯಕ್ಕಿದೆ. ಎಡಗೈ ಚಾಚಿದರೆ ಅದು ವಾಯವ್ಯಕ್ಕೆ, ಅಂದರೆ ಸಿಂಧ್–ರಾಜಸ್ಥಾನದ ಕಡೆಗೆ ತೋರುತ್ತದೆ. ಉತ್ತರಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟವರ ಎಡಗಡೆಯೇ ಕಡಿಮೆ ಒತ್ತಡ. ನಕ್ಷೆಯಲ್ಲಿ ಹಾಗೆ ಬರದಿದ್ದರೆ ಬಾಣವನ್ನೋ ತಿಂಗಳನ್ನೋ ನೀವು ತಪ್ಪಾಗಿ ಓದಿದ್ದೀರಿ.

ಹಂತ 4: ಎತ್ತುವುದನ್ನು ಹುಡುಕಿ

ಸ್ಲೈಡ್ ತೋರಿಸದ ಭಾಗ ಇದು, ಮಳೆ ಹುಟ್ಟುವುದೂ ಇಲ್ಲಿಯೇ. ಆದ್ದರಿಂದ ಪಕ್ಕದಲ್ಲಿ ಬೆಟ್ಟಗುಡ್ಡಗಳನ್ನು ತೋರಿಸುವ ಭೂಪಟ ಇಟ್ಟುಕೊಂಡು, ಒಂದೇ ಬಾಣವನ್ನು ಮಂಗಳೂರಿನ ಬಳಿ ಕರಾವಳಿಯಿಂದ ಆಗುಂಬೆಯ ಮೂಲಕ ಚಳ್ಳಕೆರೆಯವರೆಗೆ ಹಿಂಬಾಲಿಸೋಣ.

ಕರಾವಳಿಗೆ ಬಂದ ಗಾಳಿಯ ಉಷ್ಣತೆ 28 ಡಿಗ್ರಿ ಇದೆ, 25 ಡಿಗ್ರಿಗೆ ತಣಿದರೆ ಅದರ ನೀರಾವಿ ಹನಿಗಟ್ಟುತ್ತದೆ ಎಂದಿಟ್ಟುಕೊಳ್ಳಿ. ಜುಲೈಯಲ್ಲಿ ಇದು ಸಹಜವಾದ ಸ್ಥಿತಿ. ಗಾಳಿ ಮೇಲೇರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ, ಪ್ರತಿ 100 ಮೀಟರ್‌ಗೆ ಸುಮಾರು 1 ಡಿಗ್ರಿ. ಏರುವಾಗ ಹನಿಗಟ್ಟುವ ಉಷ್ಣತೆಯೂ ತುಸು ಇಳಿಯುವುದರಿಂದ ಈ 3 ಡಿಗ್ರಿಯ ಅಂತರ ಮುಚ್ಚಲು 400 ಮೀಟರ್‌ನಷ್ಟು ಏರಬೇಕು. ಮೋಡದ ತಳ ಅಲ್ಲಿಂದ ಶುರು. ಆಗುಂಬೆ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಘಾಟಿಯ ತಿರುವುಗಳಲ್ಲಿ ಬಸ್ಸು ಏರುತ್ತಿದ್ದಂತೆ ಒಂದು ಹಂತದಲ್ಲಿ ಕಿಟಕಿಯ ಹೊರಗೆ ಎಲ್ಲವೂ ಬೆಳ್ಳಗಾಗುತ್ತದಲ್ಲ, ಅಲ್ಲಿ ನೀವು ಮೋಡದ ತಳವನ್ನು ದಾಟಿ ಅದರ ಒಳಗೆ ಹೊಕ್ಕಿದ್ದೀರಿ. ಅಲ್ಲಿಂದ ಮೇಲೆ ಹನಿಗಟ್ಟುವ ನೀರಾವಿ ಬಿಡುಗಡೆ ಮಾಡುವ ಶಾಖ ಗಾಳಿಯನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಹಿಂದಿನಿಂದ ಕಡಲ ಗಾಳಿ ಬರುತ್ತಲೇ ಇರುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆಯಾದರೆ, ಆಗುಂಬೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು.

ಘಟ್ಟ ದಾಟಿದ ಗಾಳಿ ಪೂರ್ವಕ್ಕೆ ಇಳಿಯುತ್ತದೆ. ಇಳಿಯುವ ಗಾಳಿ ಕುಗ್ಗಿ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಆಗುಂಬೆಯಿಂದ ನೇರವಾಗಿ ಅಳೆದರೆ ಚಳ್ಳಕೆರೆ 200 ಕಿಲೋಮೀಟರ್ ಕೂಡ ಇಲ್ಲ, ವರ್ಷದ ಮಳೆ ಮಾತ್ರ 500 ಮಿಲಿಮೀಟರ್ ಮುಟ್ಟುವುದೂ ಕಷ್ಟ. ಗಾಳಿ ನಿಂತಿಲ್ಲ ಎಂಬುದನ್ನು ಗಮನಿಸಿ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ವರ್ಷದಲ್ಲೇ ಅತ್ಯಂತ ಬಿರುಸಾಗಿ ತಿರುಗುವುದು ಈ ಮುಂಗಾರಿನ ತಿಂಗಳುಗಳಲ್ಲಿ. ಬಾಣ ಅದೇ, ಬೀಸು ಅದೇ, ಅದನ್ನು ಎತ್ತುವ ಬೆಟ್ಟ ಹಿಂದೆ ಉಳಿದಿದೆ.

ರಾಜಸ್ಥಾನದ ಒಗಟಿಗೂ ಉತ್ತರ ಇಲ್ಲಿದೆ. ಅಲ್ಲಿನ ಕಡಿಮೆ ಒತ್ತಡದ ಆಳ ಒಂದೂವರೆ–ಎರಡು ಕಿಲೋಮೀಟರ್ ಮಾತ್ರ. ಅದರ ಮೇಲೆ ಪಶ್ಚಿಮದಿಂದ ಬಂದ ಒಣಗಾಳಿ ಕೆಳಗಿಳಿಯುತ್ತಾ ಮುಚ್ಚಳದಂತೆ ಕುಳಿತಿರುತ್ತದೆ. ಕೆಳಗಿನ ಗಾಳಿ ಏರಿದರೂ ಮಳೆಯ ಮೋಡ ಕಟ್ಟುವಷ್ಟು ಎತ್ತರ ಸಿಗುವುದಿಲ್ಲ.

ಹಂತ 5: ಜನವರಿ ನಕ್ಷೆ

ಇದನ್ನು ಬೇಗ ಮುಗಿಸಬಹುದು. ಸೈಬೀರಿಯಾದ ತಣ್ಣನೆಯ ನೆಲದ ಮೇಲೆ ಅಧಿಕ ಒತ್ತಡ, ಸಮಭಾಜಕದ ದಕ್ಷಿಣಕ್ಕೆ ಕಡಿಮೆ ಒತ್ತಡ, ಬಾಣಗಳು ಈಶಾನ್ಯದಿಂದ. ಭಾರತದ ಬಹುಭಾಗದಲ್ಲಿ ಅವು ನೆಲದ ಮೇಲಿಂದಲೇ ಬರುವುದರಿಂದ ಒಣಗಾಳಿ. ಬಂಗಾಳ ಕೊಲ್ಲಿಯನ್ನು ಹಾಯ್ದು ಬರುವ ಬಾಣಗಳು ಮಾತ್ರ ತಮಿಳುನಾಡಿನ ಕರಾವಳಿಗೆ ನೀರಾವಿ ತರುತ್ತವೆ. ಆದರೆ ಚೆನ್ನೈನ ಮಳೆಯನ್ನು ಜನವರಿ ನಕ್ಷೆಯಿಂದ ಪೂರ್ತಿ ವಿವರಿಸಲು ಹೋಗಬೇಡಿ. ಅಲ್ಲಿನ ಜೋರು ಮಳೆ ಅಕ್ಟೋಬರ್–ನವೆಂಬರ್‌ನದು, ಅದಕ್ಕೆ ಕೊಲ್ಲಿಯಲ್ಲಿ ಹುಟ್ಟುವ ವಾಯುಭಾರ ಕುಸಿತಗಳ ಕೊಡುಗೆ ದೊಡ್ಡದು. ಜನವರಿಯ ಹೊತ್ತಿಗೆ ಮಳೆ ಮುಗಿಯುತ್ತಾ ಬಂದಿರುತ್ತದೆ. ಚಳ್ಳಕೆರೆಯ ಶೇಂಗಾ ಹೊಲಗಳಿಗೂ ಹೆಚ್ಚು ಮಳೆ ಸಿಗುವುದು ಜುಲೈಯಲ್ಲಲ್ಲ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಎರಡು ನಕ್ಷೆಗಳ ನಡುವಿನ ಈ ತಿರುವುಗಾಲಕ್ಕೆ ಸ್ಲೈಡ್‌ನಲ್ಲಿ ಚಿತ್ರವೇ ಇರುವುದಿಲ್ಲ.

ಹಂತ 6: ಸರಾಸರಿಯ ಆಚೆಗೆ

ಸ್ಲೈಡ್‌ನ ನಕ್ಷೆ ಹಲವು ವರ್ಷಗಳ ಸರಾಸರಿ. ನಾಳೆ ಮಳೆ ಬರುತ್ತದೆಯೇ ಎಂದು ಅದನ್ನು ಕೇಳುವಂತಿಲ್ಲ. ಅದಕ್ಕೆ ಹವಾಮಾನ ಇಲಾಖೆಯ ಆ ದಿನದ ನಕ್ಷೆ ಬೇಕು. ಅದರಲ್ಲಿ ಮೊದಲು ನೋಡಬೇಕಾದದ್ದು ನೀವು ಗೆರೆ ಎಳೆದಿಟ್ಟ ಆ ದ್ರೋಣಿ ಎಲ್ಲಿದೆ ಎಂಬುದನ್ನು.

2023ರ ಆಗಸ್ಟ್ ಅನ್ನು ನೆನಪಿಸಿಕೊಳ್ಳಿ. ದೇಶದ ಒಟ್ಟು ಮಳೆ ವಾಡಿಕೆಗಿಂತ ಶೇ 36ರಷ್ಟು ಕಡಿಮೆಯಾಗಿ, 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಎನಿಸಿತು. ಕರ್ನಾಟಕದಲ್ಲಿ ಬಿತ್ತಿದ ಬೆಳೆ ಬಾಡಿತು, ಆ ವರ್ಷ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಅದೇ ತಿಂಗಳ ನಡುಭಾಗದಲ್ಲಿ ಹಿಮಾಚಲ ಪ್ರದೇಶದಲ್ಲಿ ಭಾರೀ ಮಳೆಗೆ ಗುಡ್ಡಗಳು ಕುಸಿದವು. ಒಂದು ಕಡೆ ಬರ, ಇನ್ನೊಂದು ಕಡೆ ಪ್ರವಾಹ. ನಕ್ಷೆಯಲ್ಲಿ ಇವೆರಡೂ ಒಂದೇ ಸಂಗತಿಯಾಗಿ ಕಾಣುತ್ತವೆ: ದ್ರೋಣಿ ಗಂಗಾ ಬಯಲನ್ನು ಬಿಟ್ಟು ಹಿಮಾಲಯದ ತಪ್ಪಲಿಗೆ ಸರಿದಿತ್ತು. ಹಾಗಾದಾಗ ಗಾಳಿ ಕೂಡಿ ಮೇಲೇರುವ ಜಾಗವೂ ಅಲ್ಲಿಗೇ ಸರಿಯುತ್ತದೆ, ಮಧ್ಯ ಭಾರತ ಮತ್ತು ಪಶ್ಚಿಮ ಕರಾವಳಿಯ ಮಳೆ ಕ್ಷೀಣಿಸುತ್ತದೆ. ಹವಾಮಾನ ತಜ್ಞರು ಇದನ್ನು ಮಾನ್ಸೂನ್ ವಿರಾಮ ಎನ್ನುತ್ತಾರೆ.

ಕರಾವಳಿಯವರು ನೋಡಬೇಕಾದ ಇನ್ನೊಂದು ಗೆರೆಯಿದೆ. ಗುಜರಾತಿನಿಂದ ಕೇರಳದವರೆಗೆ ತೀರಕ್ಕೆ ಸಮಾನಾಂತರವಾಗಿ ಕಡಲ ಮೇಲೆ ಮೂಡುವ ಕಡಿಮೆ ಒತ್ತಡದ ತಗ್ಗು ಅದು. ಅದು ಬಲವಾಗಿದ್ದ ದಿನಗಳಲ್ಲಿ ಉಡುಪಿ, ಕಾರವಾರಗಳಲ್ಲಿ ಮಳೆ ಬಿಡದೆ ಹೊಯ್ಯುತ್ತದೆ. ತಿಂಗಳ ಸರಾಸರಿಯ ನಕ್ಷೆಯಲ್ಲಿ ಅದರ ಗುರುತು ಸಿಗುವುದು ಸಮಭಾರ ರೇಖೆಗಳು ತೀರದ ಬಳಿ ತುಸು ದಕ್ಷಿಣಕ್ಕೆ ಜೋಲುವುದರಲ್ಲಿ ಮಾತ್ರ.