ಚೆಕ್ಕಿನಲ್ಲಿ ‘ಸಾವಿರ’ದ ಹಿಂದೆ ಜಾಗ ಬಿಡಬೇಡಿ

ಮಳೆಗಾಲಕ್ಕೆ ಮುಂಚೆ ತೀರ್ಥಹಳ್ಳಿಯ ಅಂಗಡಿಗೆ ಮೈಲುತುತ್ತದ ಬಾಕಿ 1,400 ರೂಪಾಯಿ ಕೊಡಬೇಕಿತ್ತು. ತಮ್ಮ ಚೆಕ್ ಬರೆದು ನನ್ನ ಸಹಿಗೆ ತಂದ. ‘ಸಾವಿರದ ನಾನೂರು’ ಅಂತ ಸಾಲಿನ ನಡುವಿನಿಂದ ಶುರು ಮಾಡಿದ್ದ. ಮಾತಾಡುವಾಗ ನಾವೆಲ್ಲ ಹಾಗೇ ಹೇಳೋದು, ಅಲ್ವಾ? ಆದರೆ ಆ ಖಾಲಿ ಜಾಗದಲ್ಲಿ ಯಾರಾದರೂ ‘ಹನ್ನೊಂದು’ ಸೇರಿಸಿ, ಅಂಕಿಯ ಹಿಂದೆ ಇನ್ನೊಂದು 1 ಎಳೆದರೆ 11,400 ಆಗುತ್ತದೆ. ಅಕ್ಷರ, ಅಂಕಿ ಎರಡೂ ತಾಳೆಯಾಗುವುದರಿಂದ ಬ್ಯಾಂಕಿನವರಿಗೂ ಅನುಮಾನ ಬರುವುದಿಲ್ಲ.

ಆ ಚೆಕ್ ಹರಿದು ಬೇರೆ ಬರೆಸಿದೆ. ಅಚ್ಚಾದ ‘ರುಪೀಸ್’ಗೆ ಅಂಟಿಕೊಂಡಂತೆ ‘ಒಂದು ಸಾವಿರದ ನಾನೂರು ರೂಪಾಯಿ ಮಾತ್ರ’, ಉಳಿದ ಜಾಗಕ್ಕೆ ಉದ್ದ ಗೆರೆ. ಚೌಕದಲ್ಲಿ ₹ ಗುರುತಿಗೆ ತಾಗಿಸಿ 1,400/-. ತಮ್ಮನ 1 ಸುಮಾರಾಗಿ 7ರ ಹಾಗೆ ಕಾಣುತ್ತದೆ, ಅದಕ್ಕೆ ತಲೆಯ ಕೊಕ್ಕೆ ಬಿಡಿಸಿ ನೆಟ್ಟಗೆ ಬರೆಸಿದೆ.

ಅಕ್ಷರ, ಅಂಕಿ ಬೇರೆಯಾದರೆ ಕಾನೂನಿನಲ್ಲಿ ಅಕ್ಷರವೇ ಗಟ್ಟಿ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಹಾಗೆ ಹೇಳುತ್ತದೆ. ಹಾಗಂತ ನೆಚ್ಚಿಕೊಳ್ಳಬೇಡಿ, ಕ್ಲಿಯರಿಂಗ್‌ನಲ್ಲಿ ಅಂಥ ಚೆಕ್ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಮೊತ್ತ ತಿದ್ದಿ ಪಕ್ಕದಲ್ಲಿ ಸಹಿ ಹಾಕಿದರೂ ಈಗ ನಡೆಯುವುದಿಲ್ಲ. ಹೊಸ ಹಾಳೆಯೇ ಬೇಕು.